ಕೆಪ್ಯಾಸಿಟರ್ ವೋಲ್ಟೇಜ್ ಸೋರ್ಸ್‌ಗಿಂತ ಮುಂದೆಯೋ, ಹಿಂದೆಯೋ? ಒಂದು ಆರ್‌ಸಿ ಸರ್ಕ್ಯೂಟ್‌ನ ಪ್ರಕರಣ ಅಧ್ಯಯನ

ಹಿನ್ನೆಲೆ

ಎಲೆಕ್ಟ್ರಾನಿಕ್ಸ್ ಕಲಿಯುತ್ತಿದ್ದ ಇಬ್ಬರು ವಿದ್ಯಾರ್ಥಿಗಳ ಕೆಲಸ ಇದು. ಒಬ್ಬ ಹುಡುಗ, ಒಬ್ಬಳು ಹುಡುಗಿ. ಅವರ ಹೆಸರು, ಕಲಿತ ಜಾಗ ಇಲ್ಲಿ ಬೇಡ. ಲ್ಯಾಬ್‌ನಲ್ಲಿ ಅವರಿಗೆ ಮಾರ್ಗದರ್ಶನ ಮಾಡುವ ಕೆಲಸ ನನ್ನದಾಗಿತ್ತು.

ಒಂದು ಫೇಸ್ ಡಿಟೆಕ್ಟರ್ ಸರ್ಕ್ಯೂಟನ್ನು ಪರೀಕ್ಷೆ ಮಾಡಬೇಕಿತ್ತು. ಅದಕ್ಕೆ ಎರಡು ಸೈನ್ ಅಲೆಗಳು ಬೇಕು. ಒಂದು ಸಿಗ್ನಲ್ ಜನರೇಟರ್‌ನಿಂದ ನೇರವಾಗಿ ಬರುವ 1 ಕಿಲೋಹರ್ಟ್ಜ್ ಅಲೆ. ಇನ್ನೊಂದು ಅದೇ ಅಲೆ, ಆದರೆ 60 ಡಿಗ್ರಿ ಹಿಂದೆ ಇರಬೇಕು, ಅಂದರೆ ಲ್ಯಾಗ್ ಆಗಿರಬೇಕು. ಇದಕ್ಕೆ ಒಂದು ರೆಸಿಸ್ಟರ್, ಒಂದು ಕೆಪ್ಯಾಸಿಟರ್ ಸಾಕು. ಎರಡನ್ನೂ ಸೀರೀಸ್‌ನಲ್ಲಿ ಜೋಡಿಸಿ, ಕೆಪ್ಯಾಸಿಟರ್ ಮೇಲಿನ ವೋಲ್ಟೇಜನ್ನು ಔಟ್‌ಪುಟ್ ಆಗಿ ತೆಗೆದುಕೊಂಡರೆ ಆಯಿತು. ಎಷ್ಟು ಡಿಗ್ರಿ ಹಿಂದೆ ಬೀಳುತ್ತದೆ ಅನ್ನುವುದಕ್ಕೆ ಸೂತ್ರ ಇದು:

```
φ = tan⁻¹(2πfRC)
```

60 ಡಿಗ್ರಿ ಬೇಕಾದರೆ 2πfRC ಬೆಲೆ 1.732 ಆಗಬೇಕು. ಅವರು R ಅನ್ನು 10 ಕಿಲೋಓಮ್ ಎಂದು ಹಿಡಿದರು. ಆಗ C ಸುಮಾರು 27.6 ನ್ಯಾನೊಫ್ಯಾರಡ್ ಬರುತ್ತದೆ. ಹತ್ತಿರದಲ್ಲಿ ಸಿಗುವ ಬೆಲೆ 27 ನ್ಯಾನೊಫ್ಯಾರಡ್. ಅದನ್ನು ಹಾಕಿ ಲೆಕ್ಕ ಮಾಡಿದರೆ ಕೋನ 59.5 ಡಿಗ್ರಿ. ಅರ್ಧ ಡಿಗ್ರಿ ವ್ಯತ್ಯಾಸ ಅವರ ಕೆಲಸಕ್ಕೆ ನಡೆಯುತ್ತಿತ್ತು. ಇಲ್ಲಿಯವರೆಗೆ ಲೆಕ್ಕ ಪೂರ್ತಿ ಸರಿ ಇತ್ತು.

ಸಮಸ್ಯೆ

ಬ್ರೆಡ್‌ಬೋರ್ಡ್ ಮೇಲೆ ಸರ್ಕ್ಯೂಟ್ ಕಟ್ಟಿದ್ದು ಹುಡುಗ. ಜನರೇಟರ್‌ನ ಸಿಗ್ನಲ್ ತಂತಿಯನ್ನು ಕೆಪ್ಯಾಸಿಟರ್‌ಗೆ ಕೊಟ್ಟ. ಕೆಪ್ಯಾಸಿಟರ್‌ನ ಇನ್ನೊಂದು ಕಾಲು ರೆಸಿಸ್ಟರ್‌ಗೆ, ರೆಸಿಸ್ಟರ್‌ನ ಇನ್ನೊಂದು ಕಾಲು ಗ್ರೌಂಡ್‌ಗೆ. ಸ್ಕೋಪ್‌ನ CH1 ಸೋರ್ಸ್ ಮೇಲೆ, CH2 ಎರಡೂ ಸೇರುವ ನಡುವಿನ ಬಿಂದುವಿನ ಮೇಲೆ. ಎರಡೂ ಪ್ರೋಬ್‌ಗಳ ಗ್ರೌಂಡ್ ಕ್ಲಿಪ್ ಗ್ರೌಂಡ್‌ನಲ್ಲೇ ಇದ್ದವು.

ಸೋರ್ಸ್‌ನ ಪೀಕ್ 2 ವೋಲ್ಟ್. CH2 ಪೀಕ್ 1.74 ವೋಲ್ಟ್ ತೋರಿಸುತ್ತಿತ್ತು. ಎರಡು ಅಲೆಗಳ ನಡುವಿನ ಅಂತರ 83 ಮೈಕ್ರೊಸೆಕೆಂಡ್. 1 ಕಿಲೋಹರ್ಟ್ಜ್‌ನಲ್ಲಿ ಒಂದು ಪೂರ್ತಿ ಸುತ್ತಿಗೆ 1000 ಮೈಕ್ರೊಸೆಕೆಂಡ್ ಬೇಕು, ಅದು 360 ಡಿಗ್ರಿ. ಹಾಗಾಗಿ 83 ಮೈಕ್ರೊಸೆಕೆಂಡ್ ಅಂದರೆ ಸುಮಾರು 30 ಡಿಗ್ರಿ. CH2 ಅಲೆಯ ಪೀಕ್ CH1 ಪೀಕ್‌ಗಿಂತ ಎಡಕ್ಕೆ ಇತ್ತು.

ಈ ಎಡ-ಬಲದ ವಿಷಯದಲ್ಲೇ ಮೊದಲ ತಪ್ಪು ಹೆಜ್ಜೆ ಬಿತ್ತು. ಹುಡುಗ ಪರದೆ ನೋಡಿ, "CH2 ಎಡಗಡೆ ಇದೆ, ಅಂದ್ರೆ ಹಿಂದೆ ಇದೆ. ಲ್ಯಾಗ್ ಬಂದಿದೆ, ಆದರೆ ಬೇಕಾದ್ದರಲ್ಲಿ ಅರ್ಧ ಮಾತ್ರ" ಅಂದ. ಓಟದ ಚಿತ್ರದಂತೆ ನೋಡಿದರೆ ಬಲಕ್ಕಿರುವವನೇ ಮುಂದೆ ಅನ್ನಿಸುವುದು ಸಹಜ. ಆದರೆ ಸ್ಕೋಪ್ ಪರದೆಯ ಅಡ್ಡಗೆರೆ ದೂರವನ್ನು ತೋರಿಸುವುದಿಲ್ಲ, ಕಾಲವನ್ನು ತೋರಿಸುತ್ತದೆ. ಕಾಲ ಎಡದಿಂದ ಬಲಕ್ಕೆ ಹೋಗುತ್ತದೆ. ಎಡಕ್ಕೆ ಇರುವ ಪೀಕ್ ಮೊದಲು ಬಂದದ್ದು, ಅಂದರೆ ಲೀಡ್. ಬಲಕ್ಕೆ ಇರುವುದು ತಡವಾಗಿ ಬಂದದ್ದು, ಅಂದರೆ ಲ್ಯಾಗ್. ಅವರ ಪರದೆ ತೋರಿಸುತ್ತಿದ್ದದ್ದು 30 ಡಿಗ್ರಿ ಲೀಡ್.

ಲ್ಯಾಗ್ ಅನ್ನುವುದು ಇಬ್ಬರೂ ನಿರೀಕ್ಷಿಸಿದ್ದ ಉತ್ತರವೇ ಆಗಿದ್ದರಿಂದ ಅದನ್ನು ಮತ್ತೆ ಪರೀಕ್ಷೆ ಮಾಡಲಿಲ್ಲ. ಎಷ್ಟು ಡಿಗ್ರಿ ಅನ್ನುವುದರ ಮೇಲೇ ಗಮನ ಹೋಯಿತು.

ಏನೇನು ಮಾಡಿ ನೋಡಿದರು

ಕೋನ ಅರ್ಧ ಬಂದಿದ್ದರೆ ಕೆಪ್ಯಾಸಿಟರ್ ದುಪ್ಪಟ್ಟು ಮಾಡೋಣ ಅನ್ನುವುದು ಮೊದಲ ತೀರ್ಮಾನ. ಇನ್ನೊಂದು 27 ನ್ಯಾನೊಫ್ಯಾರಡ್ ತಂದು ಪ್ಯಾರಲಲ್ ಆಗಿ ಹಾಕಿದರು. ಅಂತರ ಹೆಚ್ಚಾಗಲಿಲ್ಲ. 83ರಿಂದ ಸುಮಾರು 45 ಮೈಕ್ರೊಸೆಕೆಂಡ್‌ಗೆ ಇಳಿಯಿತು, ಅಂದರೆ 16 ಡಿಗ್ರಿ. ಅಲೆಯ ಎತ್ತರ ಮಾತ್ರ 1.74ರಿಂದ 1.92 ವೋಲ್ಟ್‌ಗೆ ಏರಿತು.

ಇಡೀ ಪ್ರಕರಣದಲ್ಲಿ ಹೆಚ್ಚು ಬೆಲೆ ಬಾಳುವ ರೀಡಿಂಗ್ ಇದೇ ಎಂದು ನನಗೆ ಅನಿಸುತ್ತದೆ. ಸೂತ್ರವನ್ನು ನೋಡಿ. C ದೊಡ್ಡದಾದರೆ φ ದೊಡ್ಡದಾಗಬೇಕು. ಕೆಪ್ಯಾಸಿಟರ್ ವೋಲ್ಟೇಜಿನ ಎತ್ತರ ಕಡಿಮೆಯಾಗಬೇಕು. ಇಲ್ಲಿ ಎರಡೂ ಉಲ್ಟಾ ಆದವು. ಕೋನ ಇಳಿಯಿತು, ಎತ್ತರ ಏರಿತು. ಒಂದು ಅಂಕಿ ತಪ್ಪಾಗಿದ್ದರೆ ಬಿಡಿ ಭಾಗದ ಬೆಲೆಯ ಮೇಲೆ ಅನುಮಾನ ಪಡಬಹುದು. ಬದಲಾವಣೆಯ ದಿಕ್ಕೇ ತಪ್ಪಾಗಿದ್ದರೆ ನಾವು ಅಳೆಯುತ್ತಿರುವುದು ಬೇರೆ ಏನನ್ನೋ ಎಂದು ಅರ್ಥ.

ಹುಡುಗಿಗೆ ಇದು ತಕ್ಷಣ ಹೊಳೆಯಿತು. "C ಜಾಸ್ತಿ ಮಾಡಿದರೆ ಕೋನ ಕಡಿಮೆ ಆಯ್ತಲ್ಲ, ಇದು ಕೆಪ್ಯಾಸಿಟರ್ ವೋಲ್ಟೇಜ್ ಅಲ್ವೇ ಅಲ್ಲ" ಅಂದಳು. ನಡುವಿನ ಬಿಂದುವಿನಿಂದ ಗ್ರೌಂಡ್‌ವರೆಗೆ ಇರುವುದು ರೆಸಿಸ್ಟರ್. CH2 ಅಳೆಯುತ್ತಿದ್ದದ್ದು ರೆಸಿಸ್ಟರ್ ವೋಲ್ಟೇಜನ್ನು.

ಹಾಗಾದರೆ ಕೆಪ್ಯಾಸಿಟರ್ ಮೇಲೆಯೇ ಅಳೆಯೋಣ ಎಂದು ಹುಡುಗ CH2 ಪ್ರೋಬಿನ ತುದಿಯನ್ನು ಸೋರ್ಸ್ ಕಡೆಯ ಕಾಲಿಗೆ, ಗ್ರೌಂಡ್ ಕ್ಲಿಪ್ಪನ್ನು ನಡುವಿನ ಬಿಂದುವಿಗೆ ಹಾಕಿದ. ಈಗ ಎರಡು ಅಲೆಗಳೂ ಒಂದರ ಮೇಲೊಂದು ಕೂತವು. ಎತ್ತರ ಎರಡರದ್ದೂ 2 ವೋಲ್ಟ್, ಅಂತರ ಸೊನ್ನೆ. "ಫೇಸ್ ವ್ಯತ್ಯಾಸವೇ ಇಲ್ಲ ಸರ್" ಎಂದು ನನ್ನನ್ನು ಕರೆದದ್ದು ಆಗ.

ಮಾಮೂಲಿ ಬೆಂಚ್ ಸ್ಕೋಪ್‌ಗಳಲ್ಲಿ ಎಲ್ಲ ಚಾನೆಲ್‌ಗಳ ಗ್ರೌಂಡ್ ಒಳಗೆ ಒಂದೇ. CH1 ಕ್ಲಿಪ್ ಜನರೇಟರ್‌ನ ಗ್ರೌಂಡ್‌ನಲ್ಲಿದೆ. CH2 ಕ್ಲಿಪ್ಪನ್ನು ನಡುವಿನ ಬಿಂದುವಿಗೆ ಹಾಕಿದ ಕೂಡಲೇ ಆ ಬಿಂದುವೂ ಗ್ರೌಂಡ್ ಆಯಿತು. ರೆಸಿಸ್ಟರ್‌ನ ಎರಡೂ ಕಾಲು ಗ್ರೌಂಡ್‌ನಲ್ಲಿ, ಅಂದರೆ ಅದು ಶಾರ್ಟ್. ಉಳಿದದ್ದು ಸೋರ್ಸ್‌ಗೆ ನೇರವಾಗಿ ಸಿಕ್ಕಿಕೊಂಡ ಕೆಪ್ಯಾಸಿಟರ್ ಮಾತ್ರ. ಅದರ ಮೇಲೆ ಸೋರ್ಸ್ ವೋಲ್ಟೇಜೇ ಇರುತ್ತದೆ, ಫೇಸ್ ವ್ಯತ್ಯಾಸ ಬರುವ ಮಾತೇ ಇಲ್ಲ. ಜನರೇಟರ್ ಒಳಗಿನ 50 ಓಮ್ ಮುಂದೆ ಪ್ಯಾರಲಲ್ ಆಗಿದ್ದ ಎರಡು ಕೆಪ್ಯಾಸಿಟರ್‌ಗಳ ಸುಮಾರು 2.9 ಕಿಲೋಓಮ್ ಅಡೆ ಬಹಳ ದೊಡ್ಡದು. ಹಾಗಾಗಿ ಸೋರ್ಸ್ ಅಲೆ ಕುಸಿಯಲಿಲ್ಲ, ಬಿಸಿಯಾಗಲಿಲ್ಲ, ಯಾವ ಎಚ್ಚರಿಕೆಯೂ ಕಾಣಲಿಲ್ಲ. ಎರಡು ಅಲೆ ಕೂದಲೆಳೆಯಷ್ಟೂ ಬೇರೆಯಾಗದೆ ಒಂದಾಗಿ ಕೂತಿದ್ದೇ ಒಂದು ಗುರುತು. ಸಣ್ಣ ಸಿಗ್ನಲ್ ಆದ್ದರಿಂದ ಏನೂ ಹಾಳಾಗಲಿಲ್ಲ. ಇದೇ ಕೆಲಸವನ್ನು ಮೇನ್ಸ್‌ಗೆ ನೇರವಾಗಿ ಜೋಡಿಸಿದ ಸರ್ಕ್ಯೂಟ್‌ನಲ್ಲಿ ಮಾಡಿದರೆ ದೊಡ್ಡ ಕರೆಂಟ್ ಕ್ಲಿಪ್ ಮೂಲಕವೇ ಹರಿಯಬಹುದು. ಅಲ್ಲಿ ಡಿಫರೆನ್ಷಿಯಲ್ ಪ್ರೋಬ್ ಇಲ್ಲದೆ ಕೈ ಹಾಕಬಾರದು.

ತಿರುವು: ಕ್ಲಿಪ್ ಸರಿಸದೆ ಕೆಪ್ಯಾಸಿಟರ್ ನೋಡುವುದು

ಗ್ರೌಂಡ್ ಕ್ಲಿಪ್ಪನ್ನು ವಾಪಸ್ ಗ್ರೌಂಡ್‌ಗೇ ಹಾಕಿಸಿದೆ. CH2 ಮತ್ತೆ ನಡುವಿನ ಬಿಂದುವಿಗೆ ಬಂತು. ಹೆಚ್ಚುವರಿ ಕೆಪ್ಯಾಸಿಟರ್ ತೆಗೆಸಿದೆ. ಆಮೇಲೆ ಸ್ಕೋಪ್‌ನ ಮ್ಯಾಥ್ ಬಟನ್ ಒತ್ತಿ `CH1 − CH2` ಹಾಕಿಸಿದೆ. ಸೋರ್ಸ್‌ನಿಂದ ರೆಸಿಸ್ಟರ್ ವೋಲ್ಟೇಜ್ ಕಳೆದರೆ ಉಳಿಯುವುದು ಕೆಪ್ಯಾಸಿಟರ್ ವೋಲ್ಟೇಜೇ ತಾನೇ. ಇದಕ್ಕೆ ಎರಡೂ ಪ್ರೋಬ್‌ಗಳ ಅಟೆನ್ಯುಯೇಷನ್ ಸೆಟ್ಟಿಂಗ್ ಸರಿಯಾಗಿರಬೇಕು. ಒಂದು ಪ್ರೋಬ್ ×10ರಲ್ಲಿದ್ದು ಸ್ಕೋಪ್ ಅದನ್ನು ×1 ಎಂದುಕೊಂಡಿದ್ದರೆ ಕಳೆದು ಬರುವ ಅಲೆಗೆ ಅರ್ಥವಿಲ್ಲ.

ಮೂರನೇ ಅಲೆ ಪರದೆಗೆ ಬಂತು. ಅದರ ಪೀಕ್ ಸೋರ್ಸ್ ಪೀಕ್‌ಗಿಂತ 167 ಮೈಕ್ರೊಸೆಕೆಂಡ್ ಬಲಕ್ಕೆ. 167ನ್ನು 0.36ರಿಂದ ಗುಣಿಸಿದರೆ 60.1 ಡಿಗ್ರಿ ಲ್ಯಾಗ್. ಎತ್ತರ ಹತ್ತಿರ ಹತ್ತಿರ 1 ವೋಲ್ಟ್. ಬೇಕಾಗಿದ್ದದ್ದು ಮೊದಲಿನಿಂದಲೂ ಅಲ್ಲೇ ಇತ್ತು, ಪ್ರೋಬ್ ಬೇರೆ ಕಡೆ ಇತ್ತು.

ಆಗ ಹುಡುಗಿ ಕೇಳಿದ ಪ್ರಶ್ನೆ: "ಸರ್, ಕೆಪ್ಯಾಸಿಟರ್ ಸರ್ಕ್ಯೂಟ್‌ನಲ್ಲಿ ಲೀಡ್ ಅಂತಲೇ ಓದಿದ್ದೇವಲ್ಲ. ಇಲ್ಲಿ ಲ್ಯಾಗ್ ಹೇಗೆ?"

ಈ ಗೊಂದಲ ಬಹಳ ಜನರಿಗೆ ಇದೆ. ಯಾವುದು ಯಾವುದಕ್ಕಿಂತ ಎಂದು ಹೇಳದೆ ಬರೀ ಲೀಡ್, ಬರೀ ಲ್ಯಾಗ್ ಅಂದರೆ ಅದು ಅರ್ಧ ಮಾತು. ಓದಿದ್ದು ಕರೆಂಟಿನ ಬಗ್ಗೆ: ಕೆಪ್ಯಾಸಿಟರ್‌ನಲ್ಲಿ ಹರಿಯುವ ಕರೆಂಟ್ ಅದರ ವೋಲ್ಟೇಜ್‌ಗಿಂತ 90 ಡಿಗ್ರಿ ಮುಂದೆ. ಅದೇ ಮಾತನ್ನು ತಿರುಗಿಸಿ ಹೇಳಿದರೆ ಕೆಪ್ಯಾಸಿಟರ್ ವೋಲ್ಟೇಜ್ ಕರೆಂಟ್‌ಗಿಂತ 90 ಡಿಗ್ರಿ ಹಿಂದೆ. ಸೋರ್ಸ್ ಇವೆರಡರ ನಡುವೆ ಎಲ್ಲೋ ಇರುತ್ತದೆ. ಎಲ್ಲಿ ಅನ್ನುವುದನ್ನು R ಮತ್ತು C ತೀರ್ಮಾನಿಸುತ್ತವೆ.

ಕೋನದ ಲೆಕ್ಕ, ನಿಜವಾದ ಬೆಲೆಗಳೊಂದಿಗೆ

27 ಎಂದು ಅಚ್ಚಾಗಿದ್ದ ಕೆಪ್ಯಾಸಿಟರನ್ನು ಎಲ್‌ಸಿಆರ್ ಮೀಟರ್‌ನಲ್ಲಿ ಅಳೆದರೆ 27.9 ನ್ಯಾನೊಫ್ಯಾರಡ್ ಬಂತು. ರೆಸಿಸ್ಟರ್ 9.96 ಕಿಲೋಓಮ್. ಈ ಬೆಲೆಗಳನ್ನೇ ಹಿಡಿದು ಒಟ್ಟಿಗೆ ಲೆಕ್ಕ ಮಾಡಿದೆವು.

ಮೊದಲು ಕೆಪ್ಯಾಸಿಟರ್‌ನ ರಿಯಾಕ್ಟೆನ್ಸ್:

```
Xc = 1/(2πfC) = 1/(6283 × 27.9×10⁻⁹) ≈ 5705 Ω
Z  = √(R² + Xc²) = √(9960² + 5705²) ≈ 11478 Ω
I  = 2 V / 11478 Ω ≈ 0.174 mA
```

ಕರೆಂಟ್ ಸೋರ್ಸ್‌ಗಿಂತ ಎಷ್ಟು ಮುಂದೆ? `tan⁻¹(Xc/R)`, ಅಂದರೆ `tan⁻¹(0.573)`, 29.8 ಡಿಗ್ರಿ. ರೆಸಿಸ್ಟರ್ ವೋಲ್ಟೇಜ್ ಕರೆಂಟಿನ ಜೊತೆಜೊತೆಗೇ ಹೋಗುತ್ತದೆ. ಹಾಗಾಗಿ ಅದೂ ಸೋರ್ಸ್‌ಗಿಂತ 29.8 ಡಿಗ್ರಿ ಮುಂದೆ, ಎತ್ತರ 1.74 ವೋಲ್ಟ್. ಮೊದಲು ಕಂಡ 83 ಮೈಕ್ರೊಸೆಕೆಂಡಿನ ಅಲೆ ಇದೇ. ಕೆಪ್ಯಾಸಿಟರ್ ವೋಲ್ಟೇಜ್ ಕರೆಂಟಿಗಿಂತ 90 ಡಿಗ್ರಿ ಹಿಂದೆ. 29.8ರಿಂದ 90 ಕಳೆದರೆ −60.2. ಸೋರ್ಸ್‌ಗಿಂತ 60.2 ಡಿಗ್ರಿ ಹಿಂದೆ, ಕಾಲದಲ್ಲಿ 167 ಮೈಕ್ರೊಸೆಕೆಂಡ್, ಎತ್ತರ 0.99 ವೋಲ್ಟ್. ಸ್ಕೋಪ್ ತೋರಿಸಿದ್ದಕ್ಕೆ ಸರಿಯಾಗಿ ಕೂತಿತು.

1.74 ಮತ್ತು 0.99 ಕೂಡಿದರೆ 2.73, ಸೋರ್ಸ್ ಇರುವುದು 2 ವೋಲ್ಟ್. ಎರಡು ಪೀಕ್‌ಗಳು ಒಂದೇ ಕ್ಷಣಕ್ಕೆ ಬರುವುದಿಲ್ಲ, ಹಾಗಾಗಿ ಪೀಕ್‌ಗಳನ್ನು ಸುಮ್ನೆ ಕೂಡುವ ಹಾಗಿಲ್ಲ. ನಡುವೆ 90 ಡಿಗ್ರಿ ಇರುವುದರಿಂದ ವರ್ಗ ಮಾಡಿ ಕೂಡಬೇಕು: 3.01 ಮತ್ತು 0.99 ಸೇರಿ 4, ಅದರ ವರ್ಗಮೂಲ 2.

ಕೆಪ್ಯಾಸಿಟರ್ ಯಾಕೆ ಹಿಂದೆಯೇ ಇರಬೇಕು

ಲೆಕ್ಕ ಒಪ್ಪಿಕೊಂಡರೂ ಹುಡುಗನಿಗೆ ಸಮಾಧಾನ ಇರಲಿಲ್ಲ. "ಸೋರ್ಸ್ ಏರುವ ಮೊದಲೇ ಕರೆಂಟ್ ಏರುತ್ತೆ ಅಂದ್ರೆ, ಸೋರ್ಸ್ ಏನು ಮಾಡುತ್ತೆ ಅಂತ ಅದಕ್ಕೆ ಮುಂಚೆನೇ ಹೇಗೆ ಗೊತ್ತು ಸರ್?" ಅಂದ. ಒಳ್ಳೆಯ ಪ್ರಶ್ನೆ. ಕೋನಗಳನ್ನು ಬರೆದುಕೊಂಡು ಹೋದರೆ ಇದಕ್ಕೆ ಉತ್ತರ ಸಿಗುವುದಿಲ್ಲ, ಒಂದೊಂದು ಕ್ಷಣವನ್ನೂ ನೋಡಬೇಕು.

ಎರಡು ನೀರಿನ ತೊಟ್ಟಿಗಳನ್ನು ಸಣ್ಣ ಕೊಳವೆಯಿಂದ ಜೋಡಿಸಿದ್ದೇವೆ ಎಂದುಕೊಳ್ಳಿ. ದೊಡ್ಡ ತೊಟ್ಟಿಯ ಮಟ್ಟವನ್ನು ನಾವು ಏರಿಸಿ ಇಳಿಸುತ್ತಿದ್ದೇವೆ, ಅದು ಸೋರ್ಸ್. ಸಣ್ಣ ತೊಟ್ಟಿ ಕೆಪ್ಯಾಸಿಟರ್, ಕೊಳವೆ ರೆಸಿಸ್ಟರ್. ನೀರು ಯಾವ ಕಡೆ ಹರಿಯುತ್ತದೆ ಅನ್ನುವುದು ದೊಡ್ಡ ತೊಟ್ಟಿ ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವುದರ ಮೇಲೆ ನಿಂತಿಲ್ಲ. ಎರಡರಲ್ಲಿ ಯಾವುದರ ಮಟ್ಟ ಮೇಲಿದೆ ಅನ್ನುವುದರ ಮೇಲೆ ನಿಂತಿದೆ.

ಸೋರ್ಸ್ ಅಲೆ ಸೊನ್ನೆ ದಾಟಿ ಮೇಲೇಳುವ ಕ್ಷಣವನ್ನು ತೆಗೆದುಕೊಳ್ಳಿ. ಆ ಹೊತ್ತಿಗೆ ಕೆಪ್ಯಾಸಿಟರ್‌ನಲ್ಲಿ ಹಿಂದಿನ ಅರ್ಧ ಸುತ್ತಿನ ಚಾರ್ಜ್ ಇನ್ನೂ ಉಳಿದಿದೆ. ಅದರ ವೋಲ್ಟೇಜ್ ಸುಮಾರು −0.86 ವೋಲ್ಟ್. ಸೋರ್ಸ್ ಸೊನ್ನೆ, ಕೆಪ್ಯಾಸಿಟರ್ −0.86. ನಡುವಿನ ರೆಸಿಸ್ಟರ್ ಮೇಲೆ +0.86 ವೋಲ್ಟ್. ಅಂದರೆ ಕರೆಂಟ್ ಆಗಲೇ ಮುಂದಕ್ಕೆ ಹರಿಯುತ್ತಿದೆ. ಮುಂದೇನಾಗುತ್ತದೆ ಎಂದು ಕರೆಂಟ್ ಊಹಿಸುತ್ತಿಲ್ಲ. ಹಿಂದಿನ ಸುತ್ತಿನಿಂದ ಉಳಿದ ಚಾರ್ಜ್ ಅದನ್ನು ಎಳೆಯುತ್ತಿದೆ. ಪವರ್ ಹಾಕಿದ ಮೊದಲ ಕ್ಷಣದಲ್ಲಿ ಈ ಉಳಿಕೆ ಇರುವುದಿಲ್ಲ, ಆದ್ದರಿಂದ ಆಗ ಈ ಲೀಡ್ ಕೂಡ ಪೂರ್ತಿ ರೂಪದಲ್ಲಿ ಇರುವುದಿಲ್ಲ. ಒಂದೆರಡು ಸುತ್ತು ಕಳೆದ ಮೇಲೆ ನೆಲೆಗೊಂಡ ಸ್ಥಿತಿಗೆ ಮಾತ್ರ ನಮ್ಮ ಕೋನದ ಸೂತ್ರ ಅನ್ವಯಿಸುತ್ತದೆ.

ಈಗ ಸೋರ್ಸ್ ಪೀಕ್ ತಲುಪಿ ಇಳಿಯಲು ಶುರು ಮಾಡಿತು ಎನ್ನಿ. ಇಳಿಯುತ್ತಿದ್ದರೂ ಅದು ಕೆಪ್ಯಾಸಿಟರ್‌ಗಿಂತ ಮೇಲೇ ಇದೆ. ಹಾಗಾಗಿ ಕೆಪ್ಯಾಸಿಟರ್ ಇನ್ನೂ ತುಂಬುತ್ತಿದೆ. ಯಾವಾಗ ನಿಲ್ಲುತ್ತದೆ? ಸೋರ್ಸ್ ಇಳಿದು ಇಳಿದು ಕೆಪ್ಯಾಸಿಟರ್ ಮಟ್ಟಕ್ಕೇ ಬಂದ ಕ್ಷಣದಲ್ಲಿ. ಆಗ ಕರೆಂಟ್ ಸೊನ್ನೆ. ಅದರ ಮರುಕ್ಷಣದಿಂದ ಕೆಪ್ಯಾಸಿಟರ್ ಖಾಲಿಯಾಗುತ್ತದೆ. ಅಂದರೆ ಕೆಪ್ಯಾಸಿಟರ್ ಅಲೆಯ ಪೀಕ್ ಬರುವುದು ಸೋರ್ಸ್ ಅಲೆ ಅದನ್ನು ಇಳಿಯುತ್ತಾ ದಾಟುವ ಜಾಗದಲ್ಲೇ.

ಲ್ಯಾಗ್ ಯಾಕೆ ಅನ್ನುವುದಕ್ಕೆ ಇದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ. ಸೋರ್ಸ್ ಇಳಿಯಲು ಶುರು ಮಾಡಿದ ಮೇಲೆಯೇ ಕೆಪ್ಯಾಸಿಟರ್ ಪೀಕ್ ಬರಲು ಸಾಧ್ಯ. ಹಾಗಾಗಿ ಅದು ಹಿಂದೆಯೇ ಇರಬೇಕು. ಆ ಪೀಕ್ ಸೊನ್ನೆಗಿಂತ ಮೇಲೆ ಇರುವುದರಿಂದ ಸೋರ್ಸ್ ಸೊನ್ನೆಗೆ ಬರುವ ಮೊದಲೇ ಈ ದಾಟುವಿಕೆ ಮುಗಿದಿರುತ್ತದೆ. ಸೋರ್ಸ್ ಪೀಕ್‌ನಿಂದ ಸೊನ್ನೆಗೆ ಇಳಿಯಲು ಬೇಕಾಗುವುದು 90 ಡಿಗ್ರಿ. ಆದ್ದರಿಂದ ಲ್ಯಾಗ್ ಯಾವತ್ತೂ 90 ಮುಟ್ಟುವುದಿಲ್ಲ. ಹತ್ತಿರ ಹೋಗಬಹುದು, ಆದರೆ ಎತ್ತರ ಕರಗುತ್ತಾ ಹೋಗುತ್ತದೆ. 60 ಡಿಗ್ರಿಯಲ್ಲಿ ಸೋರ್ಸ್‌ನ ಅರ್ಧ ಸಿಗುತ್ತದೆ, 80 ಡಿಗ್ರಿಯಲ್ಲಿ ಆರನೇ ಒಂದು ಭಾಗಕ್ಕಿಂತ ಚೂರು ಹೆಚ್ಚು.

ಇದು ಪರದೆಯ ಮೇಲೆ ಕಣ್ಣಿಗೆ ಕಾಣುತ್ತದೆ. ಸೋರ್ಸ್ ಅಲೆಯನ್ನೂ ಕೆಪ್ಯಾಸಿಟರ್ ಅಲೆಯನ್ನೂ ಒಂದೇ ಸೊನ್ನೆ ಗೆರೆಯ ಮೇಲೆ, ಒಂದೇ ಸ್ಕೇಲಿನಲ್ಲಿ ಇಟ್ಟರೆ ಸೋರ್ಸ್ ಗೆರೆ ಕೆಪ್ಯಾಸಿಟರ್ ಪೀಕ್‌ನ ನೆತ್ತಿಯ ಮೂಲಕ ಹಾದುಹೋಗಬೇಕು. ಇಬ್ಬರಿಗೂ ಹಾಗೆ ಇಟ್ಟು ನೋಡಲು ಹೇಳಿದೆ. ಲೆಕ್ಕದಲ್ಲಿ 60.2 ಡಿಗ್ರಿ ಕಳೆದ ಮೇಲೆ ಸೋರ್ಸ್ ಇರುವುದು 2 × cos 60.2°, ಅಂದರೆ 0.99 ವೋಲ್ಟ್. ಕೆಪ್ಯಾಸಿಟರ್ ಪೀಕ್ ಕೂಡ 0.99. ಗೆರೆಗಳು ಸರಿಯಾಗಿ ನೆತ್ತಿಯಲ್ಲೇ ಕೂಡಿದವು.

ಇದರಿಂದ ಇನ್ನೊಂದು ಅನುಕೂಲ ಇದೆ. ಕಾಲದ ಅಂತರ ಅಳೆಯದೆಯೇ ಕೋನ ಸಿಗುತ್ತದೆ:

```
cos φ = Vc / Vs = 0.99 / 2  →  φ ≈ 60°
```

ಎತ್ತರದಿಂದ ಬಂದ ಕೋನ, ಕಾಲದಿಂದ ಬಂದ ಕೋನ ಎರಡೂ ಹೊಂದಿದರೆ ಅಳತೆಯನ್ನು ನಂಬಬಹುದು. ಮೊದಲ ದಿನದ ತಪ್ಪು ಅಲೆಗೆ ಇದನ್ನು ಹಾಕಿ ನೋಡಿ. 1.74ನ್ನು 2ರಿಂದ ಭಾಗಿಸಿದರೆ 0.87, ಅದರಿಂದ ಬರುವ ಕೋನ 30 ಡಿಗ್ರಿ. ಅಂಕಿ ಕಾಲದ ಅಂತರಕ್ಕೆ ಹೊಂದುತ್ತದೆ. ಆದರೆ ಆ ಅಲೆಯ ಪೀಕ್ ಬರುವಾಗ ಸೋರ್ಸ್ ಇಳಿಯುತ್ತಿರಲಿಲ್ಲ, ಏರುತ್ತಿತ್ತು. ಅದಕ್ಕೇ ಅಂಕಿಗಿಂತ ಮೊದಲು ದಿಕ್ಕು ನೋಡಬೇಕು ಎಂದು ಅವರಿಗೆ ಹೇಳಿದೆ. ದಿಕ್ಕು ನೋಡದಿದ್ದರೆ ಈ ಪರೀಕ್ಷೆಯೂ ಮೋಸ ಮಾಡುತ್ತದೆ.

ಸರಿಪಡಿಸಿದ ಜೋಡಣೆ, ಅದರ ಮಿತಿ

ಕೊನೆಗೆ ಎರಡು ಭಾಗಗಳ ಜಾಗ ಅದಲುಬದಲು ಮಾಡಿದರು. ರೆಸಿಸ್ಟರ್ ಸೋರ್ಸ್ ಕಡೆ, ಕೆಪ್ಯಾಸಿಟರ್ ಗ್ರೌಂಡ್ ಕಡೆ. ಈಗ CH2 ನೇರವಾಗಿ ಕೆಪ್ಯಾಸಿಟರನ್ನೇ ನೋಡುತ್ತದೆ, ಮ್ಯಾಥ್ ಬೇಡ. 167 ಮೈಕ್ರೊಸೆಕೆಂಡ್ ಬಲಕ್ಕೆ, 0.99 ವೋಲ್ಟ್. ಕೆಪ್ಯಾಸಿಟರ್ ದುಪ್ಪಟ್ಟು ಮಾಡಿ ನೋಡಿದಾಗ ಕೋನ ಏರಿತು, ಎತ್ತರ ಇಳಿಯಿತು. ದಿಕ್ಕು ಸರಿಯಾಯಿತು.

10 ಕಿಲೋಓಮ್, 27 ನ್ಯಾನೊಫ್ಯಾರಡ್ ಎಂದು ಆರಿಸಿದ್ದು ಅವರ ಅದೃಷ್ಟ ಎಂದೇ ಹೇಳಬೇಕು. ಗುಣಲಬ್ಧ ಒಂದೇ ಆಗಿರುವ 1 ಮೆಗಾಓಮ್, 270 ಪಿಕೊಫ್ಯಾರಡ್ ಆರಿಸಿದ್ದರೂ ಕಾಗದದ ಮೇಲೆ 59.5 ಡಿಗ್ರಿಯೇ ಬರುತ್ತದೆ. ಆದರೆ ×1 ಪ್ರೋಬ್ ಇಟ್ಟರೆ ಸ್ಕೋಪ್‌ನ 1 ಮೆಗಾಓಮ್ ಮತ್ತು ಕೇಬಲ್ ಸೇರಿ ಸುಮಾರು 100 ಪಿಕೊಫ್ಯಾರಡ್ ಕೆಪ್ಯಾಸಿಟರ್‌ಗೆ ಪ್ಯಾರಲಲ್ ಆಗುತ್ತವೆ. ಆಗ ಕೋನ ಸುಮಾರು 49 ಡಿಗ್ರಿಗೆ ಬೀಳುತ್ತದೆ. ಎತ್ತರವೂ ಕುಸಿಯುತ್ತದೆ. ತಪ್ಪು ಸರ್ಕ್ಯೂಟ್‌ನದ್ದಲ್ಲ, ಅಳೆಯುವ ಪ್ರೋಬ್ ಸರ್ಕ್ಯೂಟ್‌ನ ಭಾಗವಾಗಿಬಿಟ್ಟಿರುತ್ತದೆ. 27 ನ್ಯಾನೊಫ್ಯಾರಡ್ ಮುಂದೆ ಅದೇ 100 ಪಿಕೊಫ್ಯಾರಡ್ ನೂರಕ್ಕೆ ಅರ್ಧದಷ್ಟೂ ಇಲ್ಲ.

ಎರಡನೇ ಹಂತ: 120 ಡಿಗ್ರಿ ಯಾಕೆ ಬರಲಿಲ್ಲ

ಡಿಟೆಕ್ಟರ್ ಪರೀಕ್ಷೆಗೆ ಆಮೇಲೆ 120 ಡಿಗ್ರಿ ಲ್ಯಾಗ್ ಕೂಡ ಬೇಕಾಯಿತು. ಒಂದು ಹಂತದಿಂದ 60 ಬಂದರೆ ಎರಡರಿಂದ 120 ಎಂದು ಇಬ್ಬರೂ ಅದೇ ಬೆಲೆಯ ಇನ್ನೊಂದು ಜೋಡಿಯನ್ನು ಮುಂದೆ ಸೇರಿಸಿದರು. ಔಟ್‌ಪುಟ್ ಸುಮಾರು 309 ಮೈಕ್ರೊಸೆಕೆಂಡ್ ಹಿಂದೆ ಬಂತು, ಅಂದರೆ 111 ಡಿಗ್ರಿ. ಎತ್ತರ 0.36 ವೋಲ್ಟ್.

ಈ ಸಲ ಅವರು ಬೆಲೆಗಳನ್ನು ಬದಲಿಸಲು ಹೋಗಲಿಲ್ಲ. ಹುಡುಗಿ ಮೊದಲ ಹಂತದ ಕೆಪ್ಯಾಸಿಟರ್ ಮೇಲೆ ಪ್ರೋಬ್ ಇಟ್ಟು ನೆತ್ತಿಯ ಪರೀಕ್ಷೆ ಮಾಡಿದಳು. ಪೀಕ್ 0.72 ವೋಲ್ಟ್, ಲ್ಯಾಗ್ 51 ಡಿಗ್ರಿ. ಆ ಕ್ಷಣದಲ್ಲಿ ಸೋರ್ಸ್ 1.25 ವೋಲ್ಟ್‌ನಲ್ಲಿತ್ತು. ಗೆರೆ ನೆತ್ತಿಯ ಮೂಲಕ ಹೋಗಲಿಲ್ಲ, ಬಹಳ ಮೇಲಿನಿಂದ ಹೋಯಿತು. "ಸೋರ್ಸ್ ಇನ್ನೂ ಮೇಲಿದೆ, ಆದರೂ ಕೆಪ್ಯಾಸಿಟರ್ ತುಂಬೋದು ನಿಂತಿದೆ. ಕರೆಂಟ್ ಬೇರೆ ಕಡೆ ಹೋಗ್ತಿದೆ" ಅಂದಳು.

ಅದು ಸರಿಯಾದ ಮಾತು. ಮೊದಲ ರೆಸಿಸ್ಟರ್‌ನಿಂದ ಬಂದ ಕರೆಂಟ್ ಈಗ ಎರಡು ದಾರಿ ಹಿಡಿಯುತ್ತದೆ. ಸ್ವಲ್ಪ ಕೆಪ್ಯಾಸಿಟರ್‌ಗೆ, ಉಳಿದದ್ದು ಎರಡನೇ ಹಂತಕ್ಕೆ. ಸೋರ್ಸ್ ಮತ್ತು ಕೆಪ್ಯಾಸಿಟರ್ ಮಟ್ಟ ಸಮವಾಗುವ ಮೊದಲೇ ಕೆಪ್ಯಾಸಿಟರ್‌ಗೆ ಹೋಗುವ ಪಾಲು ಸೊನ್ನೆಯಾಗುತ್ತದೆ. ಹಾಗಾಗಿ ಪೀಕ್ ಬೇಗ ಬರುತ್ತದೆ, ಲ್ಯಾಗ್ ಕಡಿಮೆಯಾಗುತ್ತದೆ. ಮೊದಲ ಹಂತ ಕೊಟ್ಟದ್ದು 51, ಎರಡನೆಯದು ತನ್ನ ಪಾಲಿನ 60.2ನ್ನು ಪೂರ್ತಿ ಕೊಟ್ಟಿದೆ, ಯಾಕೆಂದರೆ ಅದರ ಮುಂದೆ ಯಾವ ಲೋಡೂ ಇಲ್ಲ. ಎರಡೂ ಸೇರಿ 111. x ಅನ್ನು 2πfRC ಎಂದು ಹಿಡಿದರೆ ಲೆಕ್ಕ ಹೀಗೆ:

```
Vo/Vs = 1 / (1 − x² + j3x),   x = 1.746
φ = 180° − tan⁻¹(5.238/2.048) ≈ 111.4°
```

ಇಲ್ಲಿನ 3x ನೋಡಿ. ಎರಡು ಹಂತಗಳು ಒಂದಕ್ಕೊಂದು ಲೋಡ್ ಆಗದಿದ್ದರೆ ಅದು 2x ಇರುತ್ತಿತ್ತು. ಲೋಡಿನ ಪರಿಣಾಮ ಎಲ್ಲ ಆ ಒಂದು ಅಂಕಿಯಲ್ಲಿದೆ.

ಎರಡು ದಾರಿಗಳಿದ್ದವು. ಎರಡನೇ ಹಂತದ R ಅನ್ನು 100 ಕಿಲೋಓಮ್‌ಗೆ ಏರಿಸಿ C ಅನ್ನು 2.7 ನ್ಯಾನೊಫ್ಯಾರಡ್‌ಗೆ ಇಳಿಸಿದರೆ ಅದು ಎಳೆಯುವ ಕರೆಂಟ್ ಹತ್ತರಲ್ಲಿ ಒಂದಾಗುತ್ತದೆ, ಕೋನ 120ರ ಹತ್ತಿರ ಬರುತ್ತದೆ. ಆದರೆ ಆಗ ಪ್ರೋಬಿನ ಕೆಪ್ಯಾಸಿಟೆನ್ಸ್ ಮತ್ತೆ ಲೆಕ್ಕಕ್ಕೆ ಬರುತ್ತದೆ. ಅವರು ಇನ್ನೊಂದು ದಾರಿ ಆರಿಸಿದರು. ಎರಡು ಹಂತಗಳ ನಡುವೆ ಒಂದು ಆಪ್-ಆಂಪ್ ಬಫರ್ ಹಾಕಿದರು. ಬಫರ್‌ನ ಇನ್‌ಪುಟ್ ಕರೆಂಟ್ ಎಳೆಯುವುದಿಲ್ಲ ಅನ್ನುವಷ್ಟು ಕಡಿಮೆ. ಮೊದಲ ಕೆಪ್ಯಾಸಿಟರ್ ಮತ್ತೆ 0.99 ವೋಲ್ಟ್, 60 ಡಿಗ್ರಿಗೆ ಬಂತು. ಸೋರ್ಸ್ ಗೆರೆ ಅದರ ನೆತ್ತಿಯ ಮೂಲಕ ಹೋಯಿತು. ಎರಡನೇ ಕೆಪ್ಯಾಸಿಟರ್ ಅಲೆಯನ್ನು ಸೋರ್ಸ್ ಜೊತೆಗಲ್ಲ, ಬಫರ್ ಔಟ್‌ಪುಟ್ ಜೊತೆ ಇಟ್ಟು ನೋಡಿದರು, ಯಾಕೆಂದರೆ ಆ ಹಂತಕ್ಕೆ ಸೋರ್ಸ್ ಅದೇ. ಅಲ್ಲೂ ಗೆರೆ 0.49 ವೋಲ್ಟ್‌ನಲ್ಲಿ ಸರಿಯಾಗಿ ನೆತ್ತಿಯಲ್ಲೇ ದಾಟಿತು. ಮೂಲ ಸೋರ್ಸ್‌ಗಿಂತ ಒಟ್ಟು ಲ್ಯಾಗ್ 334 ಮೈಕ್ರೊಸೆಕೆಂಡ್, ಅಂದರೆ 120 ಡಿಗ್ರಿ. ಡಿಟೆಕ್ಟರ್‌ಗೆ ಆ ಅಲೆಯನ್ನೇ ಕೊಟ್ಟರು.